ನಿಯಮಾವಳಿಯಲ್ಲಿ ‘ಅವನು/ಅವಳು’ ತಪ್ಪಿಸುವ ಬಗೆ

ಇಂಗ್ಲಿಷಿನಲ್ಲಿ ಒಬ್ಬರನ್ನೇ ಕುರಿತು ‘ದೇ’ ಎನ್ನುವ ಹಾಗೆ, ಕನ್ನಡದಲ್ಲಿ ‘ಅವರು’ ಲಿಂಗವನ್ನು ಸೂಚಿಸದೆ ಒಬ್ಬ ವ್ಯಕ್ತಿಯನ್ನು ಹೇಳಬಲ್ಲದು. ಆದರೆ ‘ಅವನು/ಅವಳು’ ಇದ್ದಲ್ಲೆಲ್ಲ ಕಣ್ಣುಮುಚ್ಚಿ ‘ಅವರು’ ಹಾಕಿದರೆ ಹೊಸ ಗೊಂದಲ ಹುಟ್ಟುತ್ತದೆ. ಈ ವಾಕ್ಯವನ್ನು ನೋಡಿ: ‘ನೌಕರರು ಮೇಲಧಿಕಾರಿಗೆ ರಜೆಯ ಅರ್ಜಿ ಸಲ್ಲಿಸಬೇಕು, ಅವರು 7 ದಿನಗಳೊಳಗೆ ಉತ್ತರಿಸುತ್ತಾರೆ.’ ಉತ್ತರಿಸಬೇಕಾದವರು ಯಾರೆಂಬುದನ್ನು ಇಲ್ಲಿ ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ.

ನಾನು ಅದನ್ನು ಹೀಗೆ ತಿದ್ದುತ್ತೇನೆ: ‘ರಜೆ ಬೇಕಾದ ನೌಕರರು ತಮ್ಮ ಮೇಲಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸಬೇಕು, ಅರ್ಜಿ ತಲುಪಿದ 7 ದಿನಗಳೊಳಗೆ ಮೇಲಧಿಕಾರಿಯು ಉತ್ತರಿಸಬೇಕು.’ ಸರ್ವನಾಮದ ಬದಲು ಹುದ್ದೆಯ ಹೆಸರನ್ನೇ ಮತ್ತೊಮ್ಮೆ ಬಳಸಿದ್ದರಿಂದ ಹೊಣೆ ಯಾರದ್ದೆಂಬುದು ಸ್ಪಷ್ಟವಾಯಿತು. ‘ಸಲ್ಲಿಸುತ್ತಾನೆ’, ‘ಸಲ್ಲಿಸುತ್ತಾಳೆ’ ಎಂಬ ರೂಪಗಳ ಹಾಗಲ್ಲದೆ ‘ಸಲ್ಲಿಸಬೇಕು’, ‘ಸಲ್ಲಿಸತಕ್ಕದ್ದು’ ಎಂಬ ರೂಪಗಳು ಲಿಂಗವನ್ನು ಹೊರುವುದಿಲ್ಲವಾದ್ದರಿಂದ ಓರೆಗೆರೆಯ ಅಗತ್ಯವೂ ಉಳಿಯಲಿಲ್ಲ. ನನ್ನ ಅನುಭವದಲ್ಲಿ, ವಿಧಿಸುವ ವಾಕ್ಯಗಳಿಗೆ ಇದಕ್ಕಿಂತ ಸಹಜವಾದ ದಾರಿಯಿಲ್ಲ.

ಎಣಿಕೆ ಮುಖ್ಯವಾದ ಕಡೆ ಮಾತ್ರ ಇನ್ನೂ ಎಚ್ಚರ ಬೇಕು. ‘ಸದಸ್ಯರಿಗೆ ಒಂದು ಮತವಿರುತ್ತದೆ’ ಎಂದರೆ ಎಲ್ಲರಿಗೂ ಸೇರಿ ಒಂದೇ ಮತವೆಂದು ವಾದಿಸಲು ಅವಕಾಶವಿದೆ. ‘ಪ್ರತಿಯೊಬ್ಬ ಸದಸ್ಯರಿಗೂ ತಲಾ ಒಂದು ಮತವಿರುತ್ತದೆ’ ಎಂದು ಬರೆದರೆ ಗೌರವದ ಬಹುವಚನವೂ ಉಳಿಯುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ‘ಅಧ್ಯಕ್ಷಿಣಿ’ಯಂಥ ಪ್ರತ್ಯೇಕ ರೂಪಗಳು ಬೇಡ, ‘ಅಧ್ಯಕ್ಷರು’ ಸಾಕು.

ಕರಡು ಮುಗಿದ ಮೇಲೆ ‘ಅವರು’, ‘ಅವರ’ ಎಂಬ ಪದಗಳನ್ನು ಹುಡುಕಿ, ಪ್ರತಿಯೊಂದರ ಹಿಂದೆಯೂ ವ್ಯಕ್ತಿಗಳನ್ನು ಸೂಚಿಸುವ ಎಷ್ಟು ನಾಮಪದಗಳಿವೆ ಎಂದು ನೋಡಿ. ಎರಡಿದ್ದರೆ ಆ ಸರ್ವನಾಮವನ್ನು ಬದಲಿಸಿ.