ಮಗ್ಗುಲಾಗಿ ಮಲಗುವವರ ದಿಂಬು: ಎತ್ತರ ಅಳೆದು, ಕತ್ತಿನ ಅಂಚು ಹೊಲಿಸಿದ ಬಗೆ

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿದ್ದು, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ತಾನಾಗಿ ಸಡಿಲವಾಗುತ್ತಿದ್ದರೆ ಮೊದಲು ದಿಂಬನ್ನು ನೋಡಬೇಕು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಹೆಚ್ಚುವ ನೋವು ಬೇರೆ. ಅದು ಹಗಲಿನ ಕೆಲಸದ್ದು, ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ದಿನವಿಡೀ ತಲೆ ಎತ್ತಿ ನೋಡಿದ್ದರ ಫಲ. ದಿಂಬು ಬದಲಿಸಿದರೆ ಅದು ಹೋಗುವುದಿಲ್ಲ. ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗಿದ್ದರೆ, ಜ್ವರವಿದ್ದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಇದನ್ನೆಲ್ಲ ಬಿಟ್ಟು ವೈದ್ಯರ ಹತ್ತಿರ ಹೋಗಬೇಕು.

ಮಗ್ಗುಲಾಗಿ ಮಲಗಿದಾಗ ತಲೆಗೂ ಹಾಸಿಗೆಗೂ ನಡುವೆ ಭುಜದಷ್ಟು ಅಂತರ ಉಳಿಯುತ್ತದೆ. ದಿಂಬು ತುಂಬಬೇಕಾದ್ದು ಆ ಅಂತರವನ್ನು. ಗೋಡೆಗೆ ಒಂದು ಭುಜ ತಾಗಿಸಿ ನೆಟ್ಟಗೆ ನಿಂತು, ಗೋಡೆಯಿಂದ ಕಿವಿಯ ಮೇಲಿನ ತಲೆಯ ಭಾಗದವರೆಗೆ ಬೇರೆಯವರ ಕೈಲಿ ಅಳೆಸಿದೆ: 15.5 ಸೆಂ.ಮೀ. ಅದೇ ಸ್ಕೇಲನ್ನು ಕೆಳಗೆ ತಂದು ಕತ್ತಿನ ಪಕ್ಕಕ್ಕೆ ಅಳೆದರೆ 17.5. ಕತ್ತು ತಲೆಗಿಂತ ತೆಳ್ಳಗಿರುವುದರಿಂದ ಈ ಎರಡು ಸೆಂಟಿಮೀಟರ್ ವ್ಯತ್ಯಾಸ. ದಿಂಬಿನ ಆಕಾರದ ಲೆಕ್ಕವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಆದರೆ 15.5 ಸೆಂ.ಮೀ. ದಿಂಬು ಹೊಲಿಸಿದರೆ ತಪ್ಪಾಗುತ್ತದೆ. ಮಲಗಿದಾಗ ಕೆಳಗಿನ ಭುಜ ಸ್ವಲ್ಪ ಮುಂದಕ್ಕೆ ಜಾರುತ್ತದೆ, ಹಾಸಿಗೆಯೂ ಅದರ ಕೆಳಗೆ ಕುಸಿಯುತ್ತದೆ. ಎಷ್ಟು ಕುಸಿಯುತ್ತದೆ ಎನ್ನುವುದು ಹಾಸಿಗೆಯನ್ನು ನೋಡಿ. ತೆಂಗಿನ ನಾರಿನ ಗಟ್ಟಿ ಹಾಸಿಗೆಯಲ್ಲಿ ಕಡಿಮೆ, ಮೆತ್ತನೆಯ ಫೋಮಿನಲ್ಲಿ ಹೆಚ್ಚು. ಹಾಸಿಗೆ ಬದಲಿಸಿದವರಿಗೆ ಹಳೆಯ ದಿಂಬು ಇದ್ದಕ್ಕಿದ್ದಂತೆ ಒಗ್ಗದೆ ಹೋಗುವುದು ಇದಕ್ಕೇ. ಆದ್ದರಿಂದ ಗೋಡೆಯ ಅಳತೆಯನ್ನು ಮೇಲಿನ ಮಿತಿ ಎಂದಷ್ಟೇ ಇಟ್ಟುಕೊಂಡು, ನಿಜವಾದ ಎತ್ತರವನ್ನು ಹಾಸಿಗೆಯ ಮೇಲೆಯೇ ಕಂಡುಹಿಡಿದೆ.

ಅದಕ್ಕೆ ಬೇಕಾದ್ದು ಮಡಿಸಿದ ಬೆಡ್‌ಶೀಟುಗಳು, ಒಂದು ಮೊಬೈಲು, ಮೂರು ಅಂಟುವ ಬಿಂದಿ. ಒಂದು ಬಿಂದಿ ತಲೆಬುರುಡೆ ಮುಗಿಯುವಲ್ಲಿ, ಕೂದಲಂಚಿನಲ್ಲಿ. ಇನ್ನೊಂದು ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಮೇಲೆ. ಮೂರನೆಯದು ಎರಡು ಹೆಗಲು ಮೂಳೆಗಳ ನಡುವೆ, ಬೆನ್ನುಮೂಳೆಯ ಮೇಲೆ. ಬೆಡ್‌ಶೀಟುಗಳನ್ನು ಗಟ್ಟಿಯಾಗಿ ಮಡಿಸಿ ಪೇರಿಸಿ, ಅದರ ಮೇಲೆ ತಲೆಯಿಟ್ಟು ಐದು ನಿಮಿಷ ಮೈ ಸಡಿಲ ಬಿಡಬೇಕು. ಆಮೇಲೆ ಹಿಂದಿನಿಂದ, ಹಾಸಿಗೆಯ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆಸಬೇಕು. ಮೇಲಿನಿಂದ ತೆಗೆದ ಫೋಟೋ ಮೋಸ ಮಾಡುತ್ತದೆ. ಮೂರು ಬಿಂದಿಗಳೂ ಹಾಸಿಗೆಗೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿ ಬರುವವರೆಗೆ ಒಂದೊಂದೇ ಮಡಿಕೆ ಸೇರಿಸುತ್ತ, ತೆಗೆಯುತ್ತ ಹೋದೆ. ತಲೆಯ ಕಡೆಯ ಬಿಂದಿ ಕೆಳಕ್ಕೆ ಇಳಿದಿದ್ದರೆ ದಿಂಬು ತಗ್ಗು, ಏರಿದ್ದರೆ ಎತ್ತರ. ಗೆರೆ ಸರಿಬಂದದ್ದು 12 ಸೆಂ.ಮೀ.ಗೆ.

ಫೋಟೋ ಇಲ್ಲದೆಯೂ ಒಂದು ಗುರುತಿದೆ. ನಿದ್ದೆಯಲ್ಲಿ ಕೈ ತಾನಾಗಿ ದಿಂಬಿನಡಿಗೆ ಹೋಗುತ್ತಿದ್ದರೆ, ದಿಂಬನ್ನು ಎರಡು ಮಡಿಕೆ ಮಾಡಿಕೊಳ್ಳುತ್ತಿದ್ದರೆ ಎತ್ತರ ಸಾಲುತ್ತಿಲ್ಲ.

ಇನ್ನು ಇದ್ದ ದಿಂಬು. ಖಾಲಿ ಇಟ್ಟಾಗ ಅದು 14 ಸೆಂ.ಮೀ. ಕಾಣುತ್ತಿತ್ತು, ಸಾಕೇಸಾಕು ಅನ್ನಿಸುವಷ್ಟು. ದಿಂಬನ್ನು ಖಾಲಿ ಅಳೆದು ಪ್ರಯೋಜನವಿಲ್ಲ, ತಲೆಯ ಭಾರದಡಿ ಅಳೆಯಬೇಕು. ವಯಸ್ಕರ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ. 5 ಕಿಲೋ ಅಕ್ಕಿಯ ಚೀಲದಡಿ ಒಂದು ಸಣ್ಣ ತಟ್ಟೆಯಿಟ್ಟು ದಿಂಬಿನ ನಡುವೆ ಹತ್ತು ನಿಮಿಷ ಕೂರಿಸಿ, ಹಾಸಿಗೆಯಿಂದ ತಟ್ಟೆಯ ತಳದವರೆಗೆ ಅಳೆದೆ. 7 ಸೆಂ.ಮೀ. ಬೇಕಾದದ್ದಕ್ಕಿಂತ ಐದು ಕಡಿಮೆ. ಅಂದರೆ ರಾತ್ರಿಯೆಲ್ಲ ತಲೆ ಹಾಸಿಗೆಯ ಕಡೆಗೆ ಬಾಗಿ, ಮೇಲಿನ ಮಗ್ಗುಲಿನ ಸ್ನಾಯು ಎಳೆದುಕೊಂಡೇ ಇರುತ್ತಿತ್ತು.

ಅದರೊಳಗಿದ್ದದ್ದು 600 ಗ್ರಾಂ ಬೂರುಗದ ಹತ್ತಿ. ಗವಸು 40 ಸೆಂ.ಮೀ. ಅಗಲ, 60 ಉದ್ದ. ಹತ್ತಿ ಹಿಂಜುವವರಲ್ಲಿ ಹಳೆಯದನ್ನು ಬಿಡಿಸಿ ಹಿಂಜಿಸಿ, ಇನ್ನೂ 400 ಗ್ರಾಂ ಸೇರಿಸಿ ಒಟ್ಟು ಒಂದು ಕಿಲೋ ತುಂಬಿಸಿದ್ದಾಯಿತು. "ಇಷ್ಟು ಗಟ್ಟಿ ಮಾಡಿದರೆ ತಲೆ ನಿಲ್ಲಲ್ಲ ಸಾರ್" ಎಂದು ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಗುಂಡು ದಿಂಬಿನ ಹಾಗೆ ಉಬ್ಬಿದರೆ ತಲೆ ಉರುಳುತ್ತದೆ. ಅದಕ್ಕೇ ತುಂಬುವ ಮೊದಲು ಒಂದು ಹೊಲಿಗೆ ಹಾಕಿಸಿದ್ದು.

ಗವಸಿನ ಒಂದು ಉದ್ದ ಅಂಚಿನಿಂದ 9 ಸೆಂ.ಮೀ. ಒಳಗೆ, ಅಂಚಿಗೆ ಸಮವಾಗಿ ಒಂದು ಸಾಲು ಹೊಲಿಗೆ. ಆದರೆ ಮೇಲಿನ ಬಟ್ಟೆಯನ್ನೂ ಕೆಳಗಿನದನ್ನೂ ನೇರವಾಗಿ ಸೇರಿಸಿ ಹೊಲಿದರೆ ಅಲ್ಲಿ ಗುಂಡಿ ಬೀಳುತ್ತದೆ. ನಡುವೆ 10 ಸೆಂ.ಮೀ. ಎತ್ತರದ ಬಟ್ಟೆಯ ಪಟ್ಟಿಯೊಂದನ್ನು ಗೋಡೆಯಂತೆ ನಿಲ್ಲಿಸಿ ಅದರ ಎರಡು ಅಂಚನ್ನೂ ಹೊಲಿಸಬೇಕು. ಹೀಗೆ ಆದ ಸಣ್ಣ ಕೋಣೆಗೆ ಹತ್ತಿಯನ್ನು ಬಿಗಿಯಾಗಿ ತುಂಬಿ, ಉಳಿದದ್ದಕ್ಕೆ ಸ್ವಲ್ಪ ಸಡಿಲವಾಗಿ ತುಂಬಿಸಿದೆ. ಭಾರವಿಟ್ಟು ನೋಡಿದಾಗ ಕತ್ತಿನ ಕಡೆಯ ಅಂಚು ನಡುವಿಗಿಂತ ಎರಡು ಸೆಂ.ಮೀ. ಎತ್ತರ ನಿಲ್ಲಬೇಕು. ನಾಲ್ಕು ಸೆಂ.ಮೀ. ಆದರೆ ಕತ್ತಿಗೆ ಕೆಳಗಿನಿಂದ ಒತ್ತಿದಂತಾಗುತ್ತದೆ, ತಲೆ ಹಾಸಿಗೆಯ ಕಡೆಗೆ ಜೋತುಬೀಳುತ್ತದೆ. ಹೊಲಿಸುವುದು ಆಗದವರು ಕೈ ಒರೆಸುವ ಟವೆಲನ್ನು ಸುತ್ತಿ, ಸ್ವಲ್ಪ ಚಪ್ಪಟೆ ಮಾಡಿ, ದಿಂಬಿನ ಹೊದಿಕೆಯೊಳಗೆ ಆ ಅಂಚಿಗೆ ಇಟ್ಟು ನಾಲ್ಕು ಕಡೆ ಟಾಕು ಹಾಕಿದರೂ ಕೆಲಸ ನಡೆಯುತ್ತದೆ. ಟಾಕು ಹಾಕದಿದ್ದರೆ ಬೆಳಗಾಗುವುದರೊಳಗೆ ಟವೆಲ್ ಕಾಲಿನ ಕಡೆ ಸಿಗುತ್ತದೆ.

ಮಲಗುವಾಗ ಆ ಅಂಚು ಭುಜಕ್ಕೂ ಕಿವಿಗೂ ನಡುವಿನ ಮೂಲೆಗೆ ಬಂದು ಕೂರಬೇಕು. ಭುಜ ದಿಂಬಿನ ಮೇಲೆ ಹತ್ತಬಾರದು. ಹತ್ತಿದರೆ ಭುಜವೂ ಮೇಲೇರಿ, ಅಳೆದ ಎತ್ತರವೆಲ್ಲ ಸುಳ್ಳಾಗುತ್ತದೆ. ಮೇಲಿನ ಕೈ ಮುಂದಕ್ಕೆ ಹಾಸಿಗೆಗೆ ಬೀಳುತ್ತಿದ್ದರೆ ಎದೆಯೂ ಅದರ ಹಿಂದೆ ತಿರುಗಿ ಕತ್ತು ತಿರುಚಿಕೊಳ್ಳುತ್ತದೆ. ಒಂದು ಸಣ್ಣ ದಿಂಬನ್ನು ಎದೆಗೆ ಅಪ್ಪಿಕೊಂಡರೆ ಅದು ತಪ್ಪುತ್ತದೆ.

ಹೊಸ ದಿಂಬು ಮೊದಲ ದಿನ ಭಾರದಡಿ 13 ಸೆಂ.ಮೀ. ಇತ್ತು, ಎರಡು ವಾರಕ್ಕೆ 12ಕ್ಕೆ ಇಳಿದು ನಿಂತಿತು. ಮೊದಲೇ 12ಕ್ಕೆ ತುಂಬಿಸಿದ್ದರೆ 11 ಆಗುತ್ತಿತ್ತು. 7ರಿಂದ ಒಂದೇ ರಾತ್ರಿಗೆ 13ಕ್ಕೆ ಹೋದರೆ ಕತ್ತಿಗೆ ಬೇರೆಯೇ ನೋವು ಬರಬಹುದು. ಮಧ್ಯೆ ಹತ್ತು ದಿನ ಬೆಡ್‌ಶೀಟ್ ಮಡಿಕೆಗಳನ್ನೇ ದಿಂಬು ಮಾಡಿಕೊಂಡು, ಮೂರ್ನಾಲ್ಕು ದಿನಕ್ಕೊಂದು ಮಡಿಕೆಯಂತೆ ಏರಿಸಿದ್ದು ಒಳ್ಳೆಯದಾಯಿತು. ಮಧ್ಯರಾತ್ರಿ ಅಂಗಾತ ಹೊರಳುವವರಿಗೆ ಮಾತ್ರ ಈ ಎತ್ತರ ಒಗ್ಗದು, ಗದ್ದ ಎದೆಗೆ ಒತ್ತುತ್ತದೆ. ಅವರಿಗೆ ನಡುಭಾಗ ತಗ್ಗಿದ್ದು ಎರಡು ಪಕ್ಕ ಎತ್ತರವಿರುವ ದಿಂಬು ಬೇಕು.

ಕೊಡಗಿನಲ್ಲಿ ಇನ್ನೊಂದು ಲೆಕ್ಕ ಇದೆ, ಹವೆಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸಾಮಾನ್ಯ ಹತ್ತಿ ತೇವ ಹೀರಿ ಗಂಟುಗಟ್ಟಿ ತಗ್ಗುತ್ತದೆ. ಬೂರುಗದ ಎಳೆಗೆ ಮೇಣದಂಥ ಪದರವಿರುವುದರಿಂದ ಅದು ಅಷ್ಟು ನೀರು ಹಿಡಿಯುವುದಿಲ್ಲ, ಆದರೆ ಗವಸು ಬೂಸಲು ಹಿಡಿಯುತ್ತದೆ. ಒಣಗಿಸಲೆಂದು ಒಲೆಯ ಹತ್ತಿರವೋ ಹೀಟರಿನ ಎದುರೋ ಇಡಬಾರದು, ಬೂರುಗ ಬಹುಬೇಗ ಬೆಂಕಿ ಹಿಡಿಯುತ್ತದೆ. ಫ್ಯಾನಿನಡಿ ನಿಲ್ಲಿಸಿಟ್ಟರೆ ಸಾಕು. ಮೆಮೊರಿ ಫೋಮ್ ದಿಂಬಿನವರಿಗೆ ತೊಂದರೆ ಡಿಸೆಂಬರ್, ಜನವರಿಯಲ್ಲಿ. ಚಳಿಗೆ ಆ ಫೋಮ್ ಗಟ್ಟಿಯಾಗಿ, ಮಲಗಿದ ಮೊದಲ ಹೊತ್ತು ತಗ್ಗದೆ ಎತ್ತರವೇ ಉಳಿಯುತ್ತದೆ, ಮೈಬಿಸಿ ತಾಗಿದ ಮೇಲೆ ಕುಸಿಯುತ್ತದೆ. ಅದನ್ನು ಹಗಲಿನಲ್ಲಿ ಅಂಗಡಿಯಲ್ಲಿ ಒತ್ತಿ ನೋಡುವುದಕ್ಕಿಂತ ಮನೆಯಲ್ಲಿ ರಾತ್ರಿ ಹತ್ತು ನಿಮಿಷ ತಲೆಯಿಟ್ಟು ನೋಡುವುದೇ ಸರಿ.

ಅಕ್ಕಿ ಚೀಲದ ಅಳತೆಯನ್ನು ತಿಂಗಳಿಗೊಮ್ಮೆ ಮಾಡುತ್ತೇನೆ. 11ಕ್ಕಿಂತ ಕೆಳಗೆ ಹೋದರೆ ಗವಸಿನ ಮೂಲೆಯ ಹೊಲಿಗೆ ಬಿಚ್ಚಿ ಒಂದೆರಡು ಹಿಡಿ ಹತ್ತಿ ಸೇರಿಸುತ್ತೇನೆ, ಮೊದಲು ಕತ್ತಿನ ಕೋಣೆಗೆ. ಬೇಗ ತಗ್ಗುವುದು ಅದೇ.