ಒಂದೇ ಪ್ರೊಫೈಲ್, ಓದುವವರು ಎರಡು ಕಡೆಯವರು

ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಸಿಎನ್‌ಸಿ ಪ್ರೋಗ್ರಾಮರ್, ಕ್ವಾಲಿಟಿ ಇಂಜಿನಿಯರ್, ಟೂಲ್ ರೂಮ್‌ನವರು. ನೌಕರಿ ಬಿಟ್ಟು ಸ್ವಂತಕ್ಕೆ ಶುರು ಮಾಡಿದಾಗ ಲಿಂಕ್ಡ್‌ಇನ್ ಪ್ರೊಫೈಲ್ ಬರೆದದ್ದು ಕಂಪನಿಗಳಿಗಾಗಿ. ದುಡ್ಡು ಕೊಡುವವರು ಅವರೇ ಅಲ್ವಾ? ‘ಕಡಿಮೆ ಖರ್ಚಿನಲ್ಲಿ, ಬೇಗ ಜನ’ ಅಂತ ತಲೆಬರಹದಲ್ಲೇ ಹಾಕಿದ್ದೆ.

ಒಳ್ಳೆ ಅನುಭವವಿದ್ದ ಹುಡುಗನೊಬ್ಬ ಫೋನಿನಲ್ಲಿ ಕೇಳಿದ: “ಮೇಡಂ, ಕಡಿಮೆ ಖರ್ಚು ಅಂದ್ರೆ ನಮ್ಮ ಸಂಬಳ ಇಳಿಸ್ತೀರಾ?”

ಸರಿ, ಅದನ್ನು ತೆಗೆದು ‘ಒಳ್ಳೆ ಹೈಕ್ ಕೊಡಿಸುತ್ತೇನೆ’ ಎಂದು ಬರೆದೆ. ರೆಸ್ಯೂಮ್‌ಗಳು ರಾಶಿ ಬಿದ್ದವು. ಆದರೆ ಒಂದು ಕಾರ್ಖಾನೆಯ ಎಚ್‌ಆರ್ ಮ್ಯಾನೇಜರ್ ನಕ್ಕು, “ನಾಳೆ ನಮ್ಮವರನ್ನೂ ಹೀಗೇ ಎಳ್ಕೊಂಡು ಹೋಗ್ತೀರಲ್ವಾ?” ಅಂದರು. ಆ ಆರ್ಡರ್ ಬರಲಿಲ್ಲ.

ಆಮೇಲೆ ಪ್ರತಿ ಸಾಲನ್ನೂ ಎರಡು ಸಲ ಓದಿದೆ, ಒಮ್ಮೆ ಕೆಲಸ ಹುಡುಕುವವಳಾಗಿ, ಒಮ್ಮೆ ಫೀಸ್ ಕೊಡುವವಳಾಗಿ. ತಲೆಬರಹಕ್ಕೆ 220 ಅಕ್ಷರ ಜಾಗವಿದೆ. ಆದರೆ ಮೊಬೈಲಿನಲ್ಲಿ ಹುಡುಕಿದಾಗ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಅಲ್ಲಿದ್ದ ‘ಟ್ಯಾಲೆಂಟ್ ಅಕ್ವಿಸಿಷನ್ ಸ್ಪೆಷಲಿಸ್ಟ್’ ತೆಗೆದೆ. ಅದನ್ನು ಟೈಪ್ ಮಾಡಿ ಹುಡುಕುವುದು ನಮ್ಮಂಥ ರಿಕ್ರೂಟರ್‌ಗಳೇ! ಅದರ ಜಾಗದಲ್ಲಿ ಹುದ್ದೆಗಳ ಹೆಸರು, ಏರಿಯಾ ಹೆಸರು ಬಂತು. ಇವನ್ನು ಎರಡೂ ಕಡೆಯವರು ಹುಡುಕುತ್ತಾರೆ.

‘ಅಬೌಟ್’ ಭಾಗದಲ್ಲಿ ಪೂರ್ತಿ ತೆರೆಯದೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಅಲ್ಲಿ ಹೀಗೆ ಬರೆದೆ: ‘ಕ್ಯಾಂಡಿಡೇಟ್‌ಗಳಿಂದ ಒಂದು ರೂಪಾಯಿಯೂ ಪಡೆಯುವುದಿಲ್ಲ. ನಿಮ್ಮನ್ನು ಕೇಳದೆ ರೆಸ್ಯೂಮ್ ಎಲ್ಲಿಗೂ ಕಳಿಸುವುದಿಲ್ಲ.’ ರಿಜಿಸ್ಟ್ರೇಷನ್ ಫೀಸ್ ಕೊಟ್ಟು ಮೋಸ ಹೋದವರಿಗೆ ಇದು ಸಮಾಧಾನ. ಕಂಪನಿಗೂ ಇದರಿಂದ ಲಾಭ. ಒಬ್ಬನ ರೆಸ್ಯೂಮ್ ಎರಡು ಏಜೆನ್ಸಿಯಿಂದ ಬಂದರೆ ಫೀಸ್ ಯಾರಿಗೆ ಎಂದು ಜಗಳ ಶುರುವಾಗುತ್ತದೆ, ಕೇಳಿ ಕಳಿಸಿದರೆ ಅದು ತಪ್ಪುತ್ತದೆ.

ಕೆಳಗೆ ಇನ್ನೆರಡು ಮಾತು. ಶಿಫ್ಟ್, ಕಂಪನಿ ಬಸ್, ಕೈಗೆ ಬರುವ ಸಂಬಳ ಮೊದಲೇ ಹೇಳುತ್ತೇನೆ. ನಾನೇ ಸೇರಿಸಿದವರನ್ನು ಬೇರೆ ಕಡೆಗೆ ಕರೆಯುವುದಿಲ್ಲ, 90 ದಿನದೊಳಗೆ ಬಿಟ್ಟರೆ ಬದಲಿ ಕೊಡುತ್ತೇನೆ. ಫೀಸ್ ಎಷ್ಟೆಂದು ಬರೆದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ವರ್ಷದ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ಕಂಪನಿಗೆ ಅದು ಮಾಮೂಲಿ ಲೆಕ್ಕ, ಆದರೆ ಹುಡುಗರು ತಮ್ಮ ಸಂಬಳದಿಂದಲೇ ಕಳೆಯುತ್ತಾರೆ ಅಂದುಕೊಳ್ಳುತ್ತಾರೆ. ಕಂಪನಿಗಳ ಹೆಸರೂ ಇಲ್ಲ, ಒಪ್ಪಂದ ಬಿಡುವುದಿಲ್ಲ. ‘ಆಟೋ ಬಿಡಿಭಾಗ ಘಟಕ, ಇಬ್ಬರು ಟೂಲ್ ರೂಮ್‌ಗೆ, 6 ವಾರ’ ಅಂತ ಬರೆದರೆ ಎಚ್‌ಆರ್‌ನವರಿಗೆ ಅಷ್ಟು ಸಾಕು.

ಪ್ರೊಫೈಲ್ ನೋಡಿಯೇ ಬಂದ ಕಂಪನಿಗಳು ಕಡಿಮೆ, ನಿಜ ಹೇಳಬೇಕಲ್ಲ. ಯಾರೋ ನನ್ನ ಹೆಸರು ಹೇಳಿರುತ್ತಾರೆ, ಫೋನ್ ಮಾಡುವ ಮೊದಲು ಪ್ರೊಫೈಲ್ ತೆರೆದು ನೋಡುತ್ತಾರೆ.

ಈಗ ಹೊಸ ಸಾಲು ಬರೆದರೆ ಟೂಲ್ ರೂಮ್‌ನಲ್ಲಿರುವ ತಮ್ಮನಿಗೂ, ಹಳೆಯ ಎಚ್‌ಆರ್ ಗೆಳತಿಗೂ ಕಳಿಸುತ್ತೇನೆ. ಮೊನ್ನೆ ‘ತಕ್ಷಣ ಸೇರುವವರು ಇದ್ದಾರೆ’ ಎಂದು ಬರೆದೆ. ಗೆಳತಿಗೆ ಇಷ್ಟವಾಯಿತು. ತಮ್ಮ ಮಾತ್ರ, “ಅಕ್ಕಾ, ನಂಗೆ ಮೂರು ತಿಂಗಳು ನೋಟಿಸ್ ಇದೆ. ಹಾಗಾದ್ರೆ ನಿಂಗೆ ಫೋನ್ ಮಾಡೋದು ಬೇಡ್ವಾ?” ಅಂದ. ಅಳಿಸಿದೆ.