ಎರಡು ಟೇಬಲ್, ಇಪ್ಪತ್ತು ಮಕ್ಕಳು: ನಮ್ಮ ಟಿ.ಟಿ. ಪ್ರಾಕ್ಟೀಸ್ ಸರ್ಕ್ಯೂಟ್

ಚಿಕ್ಕಮಗಳೂರಿನಲ್ಲಿ ನಾವು ಟೇಬಲ್ ಟೆನಿಸ್ ಆಡೋದು ಒಂದು ಸಮುದಾಯ ಭವನದ ಹಾಲ್‌ನಲ್ಲಿ. ಮದುವೆ ಇಲ್ಲದ ದಿನ ಸಂಜೆ ಒಂದೂವರೆ ಗಂಟೆ ನಮ್ಮದು. ಟೇಬಲ್ ಎರಡೇ, ಮಕ್ಕಳು ಇಪ್ಪತ್ತು. ಆಲ್ದೂರು ಕಡೆಯಿಂದ ಬರುವವರಿಗೆ ವಾಪಸ್ ಹೋಗೋ ಬಸ್ಸಿನ ಚಿಂತೆ ಇರೋದರಿಂದ ಟೈಮ್ ಎಳೆಯೋಕೂ ಆಗಲ್ಲ.

ನಾನು ಕೋಚಿಂಗ್ ಶುರು ಮಾಡಿದಾಗ ಇಲ್ಲಿ ಇದ್ದ ಪದ್ಧತಿ ಎಲ್ಲಾ ಕಡೆ ಇರುವಂಥದ್ದೇ: ಗೆದ್ದವರು ಟೇಬಲ್ ಬಿಡೋ ಹಾಗಿಲ್ಲ, ಸೋತವರು ಸಾಲಿನ ಕೊನೆಗೆ. ಚೆನ್ನಾಗಿ ಆಡುವ ನಾಲ್ಕು ಜನ ಇಡೀ ಸಂಜೆ ಆಡುತ್ತಿದ್ದರು. ಹೊಸಬರು ಗೋಡೆಗೆ ಒರಗಿ ಕೂತು ಹರಟುತ್ತಿದ್ದರು. ಸರಿಯಾಗಿ ಹಂಚಿದರೂ ಲೆಕ್ಕ ಏನು ಹೇಳುತ್ತೆ ನೋಡಿ. ಎರಡು ಟೇಬಲ್‌ನಲ್ಲಿ ಸಿಂಗಲ್ಸ್ ಆಡಿದರೆ ಒಂದು ಸಲಕ್ಕೆ ನಾಲ್ಕು ಜನ. 90 ನಿಮಿಷದಲ್ಲಿ ಒಬ್ಬರಿಗೆ ಸಿಗೋದು 18 ನಿಮಿಷ. ಅದರಲ್ಲೂ ಅರ್ಧ ಟೈಮ್ ಬಾಲ್ ಹೆಕ್ಕೋದರಲ್ಲೇ ಹೋಗುತ್ತೆ.

ಒಂದು ಟೇಬಲ್‌ಗೆ ನಾಲ್ಕು ಜನರನ್ನು ಹಾಕಿದರೆ ಇದೇ 18 ನಿಮಿಷ 36 ಆಗುತ್ತೆ. ನನ್ನ ಸರ್ಕ್ಯೂಟ್ ಶುರುವಾಗಿದ್ದು ಈ ಲೆಕ್ಕದಿಂದ. ನಾಲ್ಕು ಜನರ ಐದು ಗುಂಪು, ಐದು ಜಾಗ. ಒಂದೊಂದು ಜಾಗದಲ್ಲಿ ಒಂಬತ್ತು ನಿಮಿಷ, ಬದಲಾಗೋಕೆ ಒಂದು ನಿಮಿಷ. 50 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತೆ. ಮೊದಲ ಹತ್ತು ನಿಮಿಷ ವಾರ್ಮ್‌ಅಪ್, ಕೊನೆಯ ಅರ್ಧ ಗಂಟೆ ಮ್ಯಾಚ್.

ಇದರಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಗುಂಪು ಮಾಡೋ ವಿಷಯಕ್ಕೆ. ಒಂದೇ ಮಟ್ಟದ ನಾಲ್ವರನ್ನು ಒಟ್ಟಿಗೆ ಹಾಕಿದರೆ ಹೊಸಬರ ಗುಂಪಿನಲ್ಲಿ ಬಾಲ್ ಹಾಕಿಕೊಡೋಕೆ ಯಾರಿಗೂ ಬರಲ್ಲ. ಮನಸ್ಸಿಗೆ ಬಂದ ಹಾಗೆ ಬೆರೆಸಿದರೆ ಜೋಡಿ ಆಟ ಎರಡು ಹೊಡೆತಕ್ಕೇ ಮುಗಿಯುತ್ತೆ. ಹಾಗಾಗಿ ಪ್ರತಿ ಗುಂಪಿನಲ್ಲೂ ಎರಡು ಜೋಡಿ ಇಡುತ್ತೇನೆ, ಜೋಡಿಯೊಳಗಿನ ಇಬ್ಬರೂ ಸಮ ಬಲದವರು. ಒಂದು ಜೋಡಿ ಪಳಗಿದವರದ್ದು, ಇನ್ನೊಂದು ಹೊಸಬರದ್ದು. ರ್‍ಯಾಲಿ ಆಡುವಾಗ ಅವರವರ ಜೋಡಿ. ಬಾಲ್ ಹಾಕಿಕೊಡುವಾಗ ಪಳಗಿದವರು ಹೊಸಬರಿಗೆ ಹಾಕುತ್ತಾರೆ. ಗೋಡೆಗೆ ಅಂಟಿಸಿದ ಗುಂಪಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ, ಯಾಕಂದ್ರೆ ಹೊಸಬರು ಬೇಗ ಮೇಲೆ ಬರುತ್ತಾರೆ.

ಮೊದಲ ಟೇಬಲ್‌ನಲ್ಲಿ ಎರಡು ಜೋಡಿ, ಎರಡು ಬಾಲ್. ಒಂದು ಜೋಡಿ ಫೋರ್‌ಹ್ಯಾಂಡ್ ಮೂಲೆಯಿಂದ ಮೂಲೆಗೆ, ಇನ್ನೊಂದು ಬ್ಯಾಕ್‌ಹ್ಯಾಂಡ್ ಮೂಲೆಯಿಂದ ಮೂಲೆಗೆ. ನಡುವೆ ಒಂದು ಸೀಟಿ ಊದಿದಾಗ ಜೋಡಿಗಳು ಬದಿ ಬದಲಿಸುತ್ತವೆ. ಎರಡು ಬಾಲ್ ನೆಟ್ ಮೇಲೆ ಒಂದಕ್ಕೊಂದು ಅಡ್ಡ ಹಾಯುತ್ತವೆ, ಡಿಕ್ಕಿ ಹೊಡೆಯಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಪರೂಪಕ್ಕೆ ಹೊಡೆಯುತ್ತೆ, ಮಕ್ಕಳು ಅದಕ್ಕೇ ಕಾಯ್ತಾ ಇರ್ತಾರೆ. ನೇರವಾಗಿ ಆಡಿಸಿದರೆ ಆ ತೊಂದರೆ ಇಲ್ಲ, ನಿಜ. ಆದರೆ ಟೇಬಲ್ ಉದ್ದ 2.74 ಮೀಟರ್, ಮೂಲೆಯಿಂದ ಮೂಲೆಗೆ ಅಳೆದರೆ 3.1 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹೊಸಬರ ಬಾಲ್ ಹೊರಗೆ ಹೋಗೋದು ಆ ಒಂದು ಅಡಿಯಲ್ಲೇ. ಅದಕ್ಕೆ ನಾನು ಓರೆಯಾಗಿಯೇ ಆಡಿಸುತ್ತೇನೆ.

ಎಡಗೈಯವರಿದ್ದರೆ ಅವರ ಜಾಗ ಎಡಬದಿಯಲ್ಲಿ. ಆಗ ಪಕ್ಕದ ಬಲಗೈಯವರದ್ದೂ ಇವರದ್ದೂ ಹೊಡೆಯುವ ಕೈ ಹೊರಗಡೆ ಇರುತ್ತೆ, ಬ್ಯಾಟ್‌ಗೆ ಬ್ಯಾಟ್ ತಾಗಲ್ಲ. ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಬೆರಳಿಗೆ ಪೆಟ್ಟು ಗ್ಯಾರಂಟಿ. ಎಲ್ಲರ ಜೇಬಿನಲ್ಲೂ ಒಂದು ಬಾಲ್ ಇರಬೇಕು. ಒಂದು ತಪ್ಪಿದರೆ ಜೇಬಿನದ್ದು ತೆಗೆದು ಮುಂದುವರಿಸೋದು, ಓಡಿ ಹೆಕ್ಕೋ ಹಾಗಿಲ್ಲ. ಪಕ್ಕದ ಜೋಡಿಯ ಕಾಲಿನ ಬಳಿ ಬಾಲ್ ಹೋದರೆ "ಬಾಲ್!" ಅಂತ ಕೂಗಬೇಕು, ಆಗ ನಾಲ್ಕೂ ಜನ ನಿಲ್ಲಬೇಕು.

ಎರಡನೇ ಟೇಬಲ್ ಮಲ್ಟಿಬಾಲ್‌ಗೆ. ನಮ್ಮ ಸರ್ಕ್ಯೂಟ್ ನಿಂತಿರೋದೇ ಇದರ ಮೇಲೆ. ಬಕೆಟ್‌ನಲ್ಲಿ ನೂರಕ್ಕಿಂತ ಸ್ವಲ್ಪ ಹೆಚ್ಚು ಪ್ರಾಕ್ಟೀಸ್ ಬಾಲ್ ಇರುತ್ತೆ. ಒಬ್ಬರು ಒಂದಾದ ಮೇಲೊಂದು ಹಾಕುತ್ತಾರೆ, ಎದುರಿನವರು ಹೊಡೆಯುತ್ತಾರೆ, ಉಳಿದ ಇಬ್ಬರು ಹೆಕ್ಕುತ್ತಾರೆ. ಎರಡೆರಡು ನಿಮಿಷದ ನಾಲ್ಕು ಸರದಿ. ಪಳಗಿದವರಲ್ಲಿ ಮೊದಲನೆಯವರು ಒಬ್ಬ ಹೊಸಬರಿಗೆ ಹಾಕುತ್ತಾರೆ, ಎರಡನೆಯವರು ಇನ್ನೊಬ್ಬರಿಗೆ. ಆಮೇಲೆ ಪಳಗಿದ ಇಬ್ಬರೂ ಒಬ್ಬರಿಗೊಬ್ಬರು. ಎರಡು ಸೆಕೆಂಡಿಗೆ ಒಂದು ಬಾಲ್ ಅಂದರೂ ಎರಡು ನಿಮಿಷಕ್ಕೆ 60 ಹೊಡೆತ. ಮ್ಯಾಚ್ ಆಡುತ್ತಾ ಒಬ್ಬ ಹೊಸ ಹುಡುಗನಿಗೆ ಅಷ್ಟು ಫೋರ್‌ಹ್ಯಾಂಡ್ ಹೊಡೆಯೋಕೆ ಇಡೀ ಸಂಜೆ ಸಾಲಲ್ಲ.

ಬಕೆಟ್ ನೆಲದ ಮೇಲಿಟ್ಟರೆ ಪ್ರತಿ ಬಾಲ್‌ಗೂ ಬಗ್ಗಬೇಕು, ಲಯ ಕೆಡುತ್ತೆ. ಸ್ಟೂಲ್ ಮೇಲೆ, ಸೊಂಟದ ಎತ್ತರಕ್ಕೆ ಇಡಬೇಕು. ಹಾಕುವವರು ಬಾಲನ್ನು ತಮ್ಮ ಕಡೆ ಒಂದು ಸಲ ಪುಟಿಸಿ ಆಮೇಲೆ ಹೊಡೆಯಬೇಕು. ಗಾಳಿಯಲ್ಲೇ ಹೊಡೆದು ಕಳಿಸಿದರೆ ಎದುರಿನವರಿಗೆ ಬಾಲ್ ಯಾವಾಗ ಬರುತ್ತೆ ಅಂತ ಅಂದಾಜು ಸಿಗಲ್ಲ. ತೀರಾ ಚಿಕ್ಕವರಿಗೆ ಬ್ಯಾಟೇ ಬೇಡ, ನೆಟ್ ಪಕ್ಕ ನಿಂತು ಕೈಯಿಂದ ಎಸೆದರೆ ಸಾಕು.

ವೇಗ ಹೆಚ್ಚಾಯಿತು ಅಂತ ಹೇಗೆ ಗೊತ್ತಾಗುತ್ತೆ? ಬಾಲ್ ಎಲ್ಲಿ ಬಿತ್ತು ಅಂತ ನೋಡಬೇಡಿ, ಹೊಡೆದ ಮೇಲೆ ಬ್ಯಾಟ್ ಎಲ್ಲಿದೆ ಅಂತ ನೋಡಿ. ನಮ್ಮಲ್ಲಿ ಒಬ್ಬ ಹುಡುಗಿ ಹತ್ತು ಬಾಲ್‌ವರೆಗೆ ಚೆಂದ ಹೊಡೆಯುತ್ತಾಳೆ. ಹೊಡೆತ ಹಣೆಯ ಮುಂದೆ ಮುಗಿಯುತ್ತೆ, ಬ್ಯಾಟ್ ವಾಪಸ್ ಎದೆಯ ಮುಂದೆ ಬರುತ್ತೆ. ಹಾಕುವ ಹುಡುಗ ಉತ್ಸಾಹದಲ್ಲಿ ವೇಗ ಹೆಚ್ಚಿಸಿದ ಕೂಡಲೇ ಬ್ಯಾಟ್ ಭುಜದ ಹತ್ತಿರವೇ ಉಳಿದುಬಿಡುತ್ತೆ. ಮುಂದಿನ ಬಾಲ್‌ಗೆ ಅಲ್ಲಿಂದಲೇ ಕೆಳಗೆ ಬಡಿಯುತ್ತಾಳೆ. ಮೊಣಕೈ ಮೈಗೆ ಅಂಟಿಕೊಳ್ಳುತ್ತೆ, ಕಾಲು ಅಲ್ಲಾಡಲ್ಲ. ಬಾಲ್ ಇನ್ನೂ ಟೇಬಲ್ ಮೇಲೇ ಬೀಳ್ತಾ ಇರಬಹುದು, ಆದರೆ ಆಗ ಅವಳು ಕಲಿಯುತ್ತಿರುವುದು ತಪ್ಪು ಹೊಡೆತವನ್ನು. ಹಾಗಾಗಿ ಹಾಕುವವರಿಗೆ ಒಂದೇ ಮಾತು ಹೇಳಿದ್ದೇನೆ: ಬ್ಯಾಟ್ ಎದೆಯ ಮುಂದೆ ಬರೋ ತನಕ ಮುಂದಿನ ಬಾಲ್ ಹಾಕಬೇಡ.

"ನನ್ನ ಮಗ ಇಲ್ಲಿಗೆ ಬಾಲ್ ಹಾಕಿಕೊಡೋಕೆ ಬರ್ತಾನಾ ಸರ್?" ಅಂತ ಒಬ್ಬರು ತಂದೆ ಕೇಳಿದ್ದರು. ಕೇಳಿದ್ದು ನ್ಯಾಯವೇ. ಒಂದೇ ಜಾಗಕ್ಕೆ, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ 60 ಬಾಲ್ ಹಾಕೋದು ಸುಲಭ ಅಲ್ಲ. ಅದನ್ನು ಮಾಡಿದವರ ಕೈ ಮ್ಯಾಚ್‌ನಲ್ಲಿ ಹದವಾಗಿರುತ್ತೆ ಅನ್ನೋದು ನನ್ನ ಅನಿಸಿಕೆ. ಆದರೂ ಬರೀ ಮಾತಲ್ಲಿ ಸಮಾಧಾನ ಮಾಡೋದು ಬೇಡ ಅಂತ, ಹಾಕುವವರಿಗೆ ಕೊನೆಯ ಅರ್ಧ ಗಂಟೆಯಲ್ಲಿ ಮ್ಯಾಚ್ ಜಾಸ್ತಿ ಕೊಡುತ್ತೇನೆ.

ಮಲ್ಟಿಬಾಲ್‌ನಲ್ಲಿ ಒಂದು ಅನುಕೂಲ ಇದೆ: ಎಲ್ಲಾ ಬಾಲ್ ಒಂದೇ ಕಡೆ, ಹಾಕುವವರ ಹಿಂದೆ ಹೋಗುತ್ತೆ. ಅಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಹಳೆಯ ಸೊಳ್ಳೆ ಪರದೆ ಇಳಿಬಿಟ್ಟಿದ್ದೇವೆ. ಬುಡವನ್ನು ಒಳಕ್ಕೆ ಮಡಚಿ ಕ್ಲಿಪ್ ಹಾಕಿದರೆ ಬಾಲ್ ಅಲ್ಲೇ ಗುಡ್ಡೆ ಬೀಳುತ್ತೆ. ಪರದೆ ಬಿಗಿಯಾಗಿದ್ದರೆ ಬಾಲ್ ವಾಪಸ್ ಪುಟಿಯುತ್ತೆ, ಸಡಿಲವಾಗಿಯೇ ಬಿಡಬೇಕು. ಹೆಕ್ಕುವವರು ಬಾಲ್ ಪುಟಿಸಿ ಕೇಳಿ, ಒಡೆದ ಸದ್ದು ಬಂದದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ.

ಮೂರನೇ ಜಾಗ ಸರ್ವಿಸ್‌ಗೆ. ಭವನದ ಊಟದ ಟೇಬಲ್‌ಗಳು ಇಲ್ಲಿ ಕೆಲಸಕ್ಕೆ ಬಂದವು. ಆರಡಿ ಉದ್ದದ ಎರಡನ್ನು ಉದ್ದಕ್ಕೆ ಜೋಡಿಸಿ, ಸಂದಿಯಲ್ಲಿ 15 ಸೆಂ.ಮೀ. ಎತ್ತರದ ಹಲಗೆ ನಿಲ್ಲಿಸುತ್ತೇವೆ. ಅದೇ ನೆಟ್. ಹಲಗೆಯಿಂದ ಎರಡೂ ಕಡೆ ನಾಲ್ಕೂವರೆ ಅಡಿಗೆ ಸೀಮೆಸುಣ್ಣದ ಗೆರೆ, ನಿಜವಾದ ಟೇಬಲ್‌ನ ಅರ್ಧ ಉದ್ದ ಅಷ್ಟೇ. ಪುಟಿತ ಮಾತ್ರ ಕಮ್ಮಿ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಬಾಲ್ ಸರಿಯಾದ ಟೇಬಲ್ ಮೇಲೆ ಸುಮಾರು 23 ಸೆಂ.ಮೀ. ಏಳಬೇಕು, ಇದರ ಮೇಲೆ ಏಳಲ್ಲ. ಹಾಗಾಗಿ ಸರ್ವಿಸ್ ಎಷ್ಟು ಉದ್ದ ಹೋಯಿತು ಅನ್ನೋದನ್ನು ಇಲ್ಲಿ ತೀರ್ಮಾನಿಸಬಾರದು. ಇಲ್ಲಿ ನೋಡೋದು ಎರಡೇ: ಅಂಗೈ ಬಿಚ್ಚಿ ಬಾಲನ್ನು ಕನಿಷ್ಠ 16 ಸೆಂ.ಮೀ. ಮೇಲಕ್ಕೆ ಹಾರಿಸಿದರಾ, ಸ್ಪಿನ್ ಬಂತಾ. ಸ್ಪಿನ್ ಪರೀಕ್ಷೆಗೆ ಟೇಬಲ್ಲೂ ಬೇಡ. ಬ್ಯಾಕ್‌ಸ್ಪಿನ್ ಕೊಟ್ಟು ನೆಲಕ್ಕೆ ಬಿಟ್ಟ ಬಾಲ್ ಮುಂದೆ ಹೋಗಿ ಉರುಳುತ್ತಾ ನಿಮ್ಮ ಕಡೆಗೇ ವಾಪಸ್ ಬಂದರೆ ಪಾಸ್.

ನಾಲ್ಕನೆಯದು ಕಾಲಿನ ಕೆಲಸ. ನೆಲದ ಮೇಲೆ ಟೇಬಲ್ ಅಗಲಕ್ಕೆ, ಅಂದರೆ ಒಂದೂವರೆ ಮೀಟರ್ ದೂರಕ್ಕೆ, ಎರಡು ಗುರುತು. ಬ್ಯಾಟ್ ಹಿಡಿದು ಅಡ್ಡ ಹೆಜ್ಜೆಯಲ್ಲಿ ಅತ್ತಿಂದಿತ್ತ ಹೋಗಿ ಗಾಳಿಯಲ್ಲಿ ಹೊಡೆಯೋದು. ಇಪ್ಪತ್ತು ಸೆಕೆಂಡ್ ಒಬ್ಬರು, ಜೊತೆಯವರು ಎಣಿಸುತ್ತಾರೆ. ಐದನೆಯದು ಸ್ಕಿಪ್ಪಿಂಗ್ ಮತ್ತು ನೀರು. ಹಾಲ್‌ನಲ್ಲಿ ಚದುರಿದ ಬಾಲ್ ಹೆಕ್ಕೋ ಜವಾಬ್ದಾರಿ ಈ ಗುಂಪಿನದ್ದೇ. ಒಂದು ಎಚ್ಚರಿಕೆ: ಕಾಲಿನ ಕೆಲಸದ ಜಾಗಕ್ಕೆ ಯಾವ ಟೇಬಲ್‌ನ ಬಾಲೂ ಉರುಳಿ ಬರಬಾರದು. ಹೆಜ್ಜೆ ಹಾಕುವ ಪಾದದ ಕೆಳಗೆ ಬಾಲ್ ಸಿಕ್ಕರೆ ಕಾಲು ಉಳುಕುತ್ತೆ. ಮಧ್ಯೆ ಬೆಂಚುಗಳನ್ನು ಮಲಗಿಸಿ ಅಡ್ಡ ಇಟ್ಟಿದ್ದೇವೆ.

ಮಳೆಗಾಲದ ಕಥೆ ಬೇರೆ. ಇಲ್ಲಿ ಜೂನ್ ಬಂತೆಂದರೆ ರೆಡ್ ಆಕ್ಸೈಡ್ ನೆಲ ಬೆವರುತ್ತೆ, ಬ್ಯಾಟಿನ ರಬ್ಬರ್ ಮೇಲೂ ತೇವ ಕೂರುತ್ತೆ. ಚೆನ್ನಾಗಿ ಟಾಪ್‌ಸ್ಪಿನ್ ಹೊಡೆಯುವವರ ಬಾಲ್ ಕೂಡ ಜಾರಿ ಸೀದಾ ನೆಟ್‌ಗೆ ಬಿದ್ದರೆ ಕೈಯನ್ನು ತಿದ್ದಬೇಡಿ, ಮೊದಲು ರಬ್ಬರ್ ಒರೆಸಿ ನೋಡಿ. ಪ್ರತಿ ಟೇಬಲ್ ಬಳಿ ಒಣ ಹತ್ತಿ ಬಟ್ಟೆ ಇರುತ್ತೆ. ನೆಲ ಜಾರುವ ದಿನ ನಾಲ್ಕನೇ ಜಾಗದಲ್ಲಿ ಓಡಾಟ ಇಲ್ಲ, ನಿಂತಲ್ಲೇ ಹೊಡೆತದ ಅಭ್ಯಾಸ. ಒಣಗಲಿ ಅಂತ ಫ್ಯಾನ್ ಹಾಕಿದರೆ 2.7 ಗ್ರಾಂ ತೂಕದ ಬಾಲ್ ಗಾಳಿಗೆ ಅಲೆಯುತ್ತೆ. ಅದಕ್ಕೇ ಮಕ್ಕಳು ಬರುವ ಮೊದಲೇ ಫ್ಯಾನ್ ಓಡಿಸಿ ಆಮೇಲೆ ಆರಿಸುತ್ತೇವೆ.

ಕೊನೆಯ ಅರ್ಧ ಗಂಟೆ ಒಂದು ಟೇಬಲ್‌ನಲ್ಲಿ 8-8ರಿಂದ ಶುರುವಾಗುವ ಗೇಮ್‌ಗಳು, ಬೇಗ ಮುಗಿಯುತ್ತವೆ. ಇನ್ನೊಂದರಲ್ಲಿ ಚಿಕ್ಕವರು ಟೇಬಲ್ ಸುತ್ತ ಓಡುತ್ತಾ ಸರದಿಯಲ್ಲಿ ಹೊಡೆಯೋದು. ಅದು ಬರೀ ಗಲಾಟೆ, ಇರಲಿ ಬಿಡಿ.

ಈ ಸರ್ಕ್ಯೂಟ್‌ನಿಂದ ಆಗದ ಕೆಲಸವೂ ಇದೆ. ಎದುರಾಳಿಯ ಸರ್ವಿಸ್ ಓದಿ ರಿಟರ್ನ್ ಮಾಡೋದು ಇದರಲ್ಲಿ ಬರಲ್ಲ. ಮಲ್ಟಿಬಾಲ್‌ನಲ್ಲಿ ಬಾಲ್ ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿರುತ್ತಲ್ಲ. ಜಿಲ್ಲಾ ಮಟ್ಟದ ಟೂರ್ನಮೆಂಟ್‌ಗೆ ಹೋಗುವ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಬೇರೆಯಾಗಿ ಅದನ್ನೇ ಮಾಡಿಸುತ್ತೇನೆ. ಸಂಖ್ಯೆಗೂ ಮಿತಿ ಇದೆ. ಇಪ್ಪತ್ತನಾಲ್ಕು ಆದರೆ ಆರನೇ ಜಾಗ ಸೇರಿಸಬೇಕಾಗುತ್ತೆ, ಎರಡೇ ಟೇಬಲ್ ಆರು ಗುಂಪಿಗೆ ಹಂಚಿಹೋಗುತ್ತೆ. ಆಗ ಎರಡು ಬ್ಯಾಚ್ ಮಾಡೋದೇ ವಾಸಿ. ಕಮ್ಮಿ ಜನ ಬಂದರೆ ಸುಲಭ: ಹದಿನಾರು ಬಂದ ದಿನ ಸ್ಕಿಪ್ಪಿಂಗ್ ಜಾಗ ತೆಗೆದು ನಾಲ್ಕು ಗುಂಪು ಮಾಡುತ್ತೇನೆ. ಹದಿನೇಳು ಬಂದ ದಿನವೂ ಅಷ್ಟೇ, ಉಳಿದ ಒಬ್ಬರ ಕೈಗೆ ಸೀಟಿ ಮತ್ತು ಟೈಮರ್ ಕೊಡುತ್ತೇನೆ. ಪ್ರತಿ ಸಲ ಜಾಗ ಬದಲಾದಾಗಲೂ ಸೀಟಿ ಇನ್ನೊಬ್ಬರ ಕೈಗೆ ಹೋಗುತ್ತೆ, ಮತ್ತು ಸೀಟಿ ಹಿಡಿದವರು ಒಂಬತ್ತು ನಿಮಿಷವನ್ನು ಹತ್ತು ಮಾಡೋ ಹಾಗಿಲ್ಲ.